ಪ್ಯಾನೆಲ್‌ನ ಮೂರನೇ ಒಂದು ಭಾಗ ಮಾತ್ರ ಬಿಸಿ: ಬೈಪಾಸ್ ಡಯೋಡ್ ಹೋಗಿದೆಯೋ, ಬೇರೇನಾದರೂ ಇದೆಯೋ?

ಹತ್ತುಹತ್ತು

ಮಹಡಿ ಮೇಲೆ 20 ಪ್ಯಾನೆಲ್ ಇವೆ, ಹತ್ತತ್ತರ ಎರಡು ಸ್ಟ್ರಿಂಗ್. ಎಲ್ಲವೂ ಒಂದೇ ಕಂಪನಿಯವು, 60 ಸೆಲ್, 300 ವ್ಯಾಟ್. ಒಂದೇ ದಿಕ್ಕು, ಒಂದೇ ಓರೆ. ಎರಡು ಸ್ಟ್ರಿಂಗಿಗೂ ಇನ್ವರ್ಟರ್‌ನಲ್ಲಿ ಬೇರೆ ಬೇರೆ ಇನ್‌ಪುಟ್. ಹಾಕಿಸಿ ಏಳು ವರ್ಷ ಆಯ್ತು.

ಕಳೆದ ತಿಂಗಳು ಮಧ್ಯಾಹ್ನ ಸುಮ್ಮನೆ ಡಿಸ್‌ಪ್ಲೇ ನೋಡಿದೆ. ಮೊದಲನೇ ಸ್ಟ್ರಿಂಗ್ 318 ವೋಲ್ಟ್, ಎರಡನೇದು 296. ಕರೆಂಟ್ ಎರಡರಲ್ಲೂ 8.9 ಆಂಪ್. ಧೂಳು ಇರಬೇಕು ಅಂದುಕೊಂಡು ಪರಿಚಯದವರ ಥರ್ಮಲ್ ಕ್ಯಾಮೆರಾ ತಂದು ನೋಡಿದರೆ ಎರಡು ವಿಷಯ ಕಂಡವು. ಎರಡನೇ ಸ್ಟ್ರಿಂಗಿನ 3ನೇ ಪ್ಯಾನೆಲ್‌ನಲ್ಲಿ ಒಂದೇ ಒಂದು ಸೆಲ್ 118 ಡಿಗ್ರಿ ತೋರಿಸಿತು. ಅದರ ಮೂಲೆಯಲ್ಲಿ ಒಣಗಿ ಅಂಟಿಕೊಂಡ ಹಕ್ಕಿ ಹಿಕ್ಕೆ, ಸೆಲ್ಲಿನ ಕಾಲು ಭಾಗದಷ್ಟು. ಇನ್ನು 6ನೇ ಪ್ಯಾನೆಲ್‌ನಲ್ಲಿ ಎಡಗಡೆಯ ಎರಡು ಸಾಲು ಪೂರ್ತಿ, ಅಂದರೆ 20 ಸೆಲ್, ಉಳಿದವಕ್ಕಿಂತ 4 ಡಿಗ್ರಿ ಬಿಸಿ.

ಬೆಳಗಿನ ತಂಪಿನಲ್ಲಿ ಎಲ್ಲ ತೊಳೆದೆ. 3ನೇ ಪ್ಯಾನೆಲ್ ತಣ್ಣಗಾಯಿತು, ಆ ಸೆಲ್ ಮೇಲೆ ಕಂದು ಛಾಯೆ ಮಾತ್ರ ಉಳಿದಿದೆ. ಸ್ಟ್ರಿಂಗ್ 307ಕ್ಕೆ ಏರಿತು. ಆದರೆ ಅಲ್ಲೇ ನಿಂತಿದೆ, 6ನೇ ಪ್ಯಾನೆಲ್ ಹಾಗೇ ಇದೆ. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ, "ಮೂರು ಪರ್ಸೆಂಟ್ ತಾನೇ ಸರ್, ಏಳು ವರ್ಷಕ್ಕೆ ಅಷ್ಟು ಇದ್ದೇ ಇರುತ್ತೆ, ಓಡಲಿ ಬಿಡಿ" ಅಂದರು. ಬಿಡಬಹುದಾ?

ಸರ್ಕ್ಯೂಟ್ ಮಿತ್ರ

ಇದು ಸ್ಪಷ್ಟವಾಗಿದೆ. 6ನೇ ಪ್ಯಾನೆಲ್‌ನ ಮೂರು ಬೈಪಾಸ್ ಡಯೋಡ್‌ಗಳಲ್ಲಿ ಒಂದು ಶಾರ್ಟ್ ಆಗಿದೆ. ಆ ಡಯೋಡ್ ಕಾಯುತ್ತಿದ್ದ 20 ಸೆಲ್ ಕೆಲಸಕ್ಕೆ ಬರುತ್ತಿಲ್ಲ. ಹಿಂದಿನ ಜಂಕ್ಷನ್ ಬಾಕ್ಸ್ ತೆಗೆದು ಡಯೋಡ್ ಬದಲಿಸಿ, ಅರ್ಧ ಗಂಟೆ ಕೆಲಸ. ಹಾಟ್‌ಸ್ಪಾಟ್ ಬಗ್ಗೆ ಚಿಂತೆ ಬೇಡ, ಡಯೋಡ್ ಇರೋವರೆಗೆ ಹಾಟ್‌ಸ್ಪಾಟ್ ಆಗೋದೇ ಇಲ್ಲ, ಅದಕ್ಕೇ ತಾನೇ ಅದನ್ನ ಹಾಕಿರೋದು.

ಬೆಳಕಿನ ಬೇಸಾಯ

ನಮ್ಮಲ್ಲೂ ಡಯೋಡ್ ಕೆಟ್ಟಿತ್ತು ಅಣ್ಣ. ರಾತ್ರಿ ಹೊತ್ತು ಬ್ಯಾಟರಿ ತಾನಾಗಿ ಇಳಿದುಹೋಗ್ತಿತ್ತು. ಪ್ಯಾನೆಲ್‌ಗೆ ವಾಪಸ್ ಕರೆಂಟ್ ಹೋಗ್ತಿದೆ ಅಂತ ಗೊತ್ತಾಗಿ ಹೊಸ ಡಯೋಡ್ ಹಾಕಿದ ಮೇಲೆ ಸರಿಯಾಯ್ತು. ನಿಮ್ಮ ಬ್ಯಾಟರಿ ಎಷ್ಟು ಆಂಪ್-ಅವರ್?

ಹಳೇ ಮೀಟರ್

ಬೇಸಾಯದವರೇ, ನೀವು ಹೇಳುತ್ತಿರೋದು ಪ್ಯಾನೆಲ್ ಮತ್ತು ಬ್ಯಾಟರಿ ನಡುವೆ ಸಾಲಾಗಿ ಕೂರುವ ಬ್ಲಾಕಿಂಗ್ ಡಯೋಡ್. ಅದರ ಕೆಲಸ ತಡೆಯೋದು. ಇಲ್ಲಿ ಕೇಳಿರೋದು ಪ್ಯಾನೆಲ್ ಹಿಂದಿನ ಬಾಕ್ಸಿನಲ್ಲಿ ಸೆಲ್‌ಗಳಿಗೆ ಪಕ್ಕದ ದಾರಿಯಾಗಿ ಕೂರುವ ಡಯೋಡ್. ಸೆಲ್ ಸಾಲು ಕರೆಂಟ್ ಹೊರಲಾಗದೆ ನಿಂತಾಗ ಉಳಿದವರ ಕರೆಂಟನ್ನು ದಾಟಿಸೋದು ಅದರ ಕೆಲಸ.

ಹತ್ತುಹತ್ತು ಅವರೇ, ನಿಮ್ಮ ಅಂಕಿಗಳೇ ಅರ್ಧ ಕಥೆ ಹೇಳುತ್ತಿವೆ. ಒಂದು ಸ್ಟ್ರಿಂಗಿನಲ್ಲಿ 10 ಪ್ಯಾನೆಲ್, ಪ್ರತಿಯೊಂದರಲ್ಲಿ 3 ಭಾಗ, ಒಟ್ಟು 30 ಭಾಗ. 318ನ್ನು 30ರಿಂದ ಭಾಗಿಸಿದರೆ ಒಂದು ಭಾಗಕ್ಕೆ 10.6 ವೋಲ್ಟ್. ಒಂದು ಭಾಗ ಹೊರಗೆ ಬಿದ್ದರೆ ಆ 10.6 ಹೋಗುತ್ತದೆ, ಜೊತೆಗೆ ಡಯೋಡ್ ದಾಟಲು ಸುಮಾರು ಅರ್ಧ ವೋಲ್ಟ್. ಹತ್ತಿರ ಹತ್ತಿರ 11. ನಿಮಗೆ ಮೊದಲು 22 ಕಡಿಮೆ ಇತ್ತು, ಅಂದರೆ ಎರಡು ಭಾಗ ಹೊರಗಿದ್ದವು. ತೊಳೆದ ಮೇಲೆ ಒಂದು ವಾಪಸ್ ಬಂತು. ಧೂಳಾಗಿದ್ದರೆ ವೋಲ್ಟೇಜ್ ಹೆಚ್ಚುಕಡಿಮೆ ಹಾಗೇ ಇದ್ದು ಕರೆಂಟ್ ಇಳಿಯುತ್ತಿತ್ತು. ಹೀಗೆ 11ರ ಮೆಟ್ಟಿಲಲ್ಲಿ ವೋಲ್ಟೇಜ್ ಇಳಿದರೆ ಅದು ಮುಪ್ಪಲ್ಲ, ದೋಷ.

ಮಿತ್ರರ ಮಾತಿನಲ್ಲಿ ಎರಡು ಕಡೆ ತಿದ್ದಬೇಕು. ಮೊದಲನೇದು ಹಾಟ್‌ಸ್ಪಾಟ್. 3ನೇ ಪ್ಯಾನೆಲ್‌ನ ಡಯೋಡ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಆದರೂ ಸೆಲ್ 118 ಡಿಗ್ರಿಗೆ ಹೋಗಿತ್ತಲ್ಲ. ಯಾಕೆ ಅಂದರೆ ಡಯೋಡ್ ಕರೆಂಟ್ ದಾಟಿಸತೊಡಗಿದಾಗ ಆ 20 ಸೆಲ್‌ಗಳ ಸಾಲು ತನ್ನಲ್ಲೇ ಒಂದು ಸುತ್ತಾಗಿ ಮುಚ್ಚಿಕೊಳ್ಳುತ್ತದೆ. ಬಿಸಿಲಿರುವ 19 ಸೆಲ್‌ಗಳು ಹುಟ್ಟಿಸುವ ವೋಲ್ಟೇಜು ಹೋಗಲು ಬೇರೆ ಜಾಗವಿಲ್ಲದೆ ಕೊಳೆಯಾದ ಆ ಒಂದು ಸೆಲ್ಲಿನ ಮೇಲೆ ಉಲ್ಟಾ ಬೀಳುತ್ತದೆ. 19ನ್ನು ಸುಮಾರು 0.55ರಿಂದ ಗುಣಿಸಿ, ಡಯೋಡಿನ ಅರ್ಧ ವೋಲ್ಟ್ ಸೇರಿಸಿ: 11 ವೋಲ್ಟ್. ಕಾಲು ಭಾಗ ಮುಚ್ಚಿದ ಸೆಲ್ ಮುಕ್ಕಾಲು ಕರೆಂಟ್, ಅಂದರೆ 7 ಆಂಪ್, ಹರಿಯಲು ಬಿಡುತ್ತದೆ. 77 ವ್ಯಾಟ್ ಶಾಖ. ಒಂದು ಸೆಲ್ ಮೇಲೆ ಬೀಳುವ ಪೂರ್ತಿ ಬಿಸಿಲೇ 24 ವ್ಯಾಟ್. ಅಂಗೈ ಅಗಲದ ಜಾಗದಲ್ಲಿ ಇನ್ನೂ ಮೂರು ಸೂರ್ಯ ಇಟ್ಟ ಹಾಗೆ.

ಇದರಲ್ಲೇ ಇನ್ನೊಂದು ಮಾತಿದೆ. ಸೆಲ್ ಪೂರ್ತಿ ಮುಚ್ಚಿದ್ದರೆ ಅದರಲ್ಲಿ ಹರಿಯೋದು ಸೋರಿಕೆ ಕರೆಂಟ್ ಮಾತ್ರ, ಒಳ್ಳೆಯ ಸೆಲ್ಲಾದರೆ ಶಾಖವೂ ಕೆಲವೇ ವ್ಯಾಟ್. ಅಗಲ ಎಲೆಗಿಂತ ಸಣ್ಣ ಹಿಕ್ಕೆ ಹೆಚ್ಚು ಸುಡುವುದು ಅದಕ್ಕೇ. ಡಯೋಡ್ ಹಾಟ್‌ಸ್ಪಾಟನ್ನು ಇಲ್ಲವಾಗಿಸುವುದಿಲ್ಲ, 11 ವೋಲ್ಟಿಗೆ ಕಟ್ಟಿಹಾಕುತ್ತದೆ, ಅಷ್ಟೇ. ಸಿಲಿಕಾನ್ ಸೆಲ್ ತಡೆದುಕೊಳ್ಳುವ ಉಲ್ಟಾ ವೋಲ್ಟೇಜ್ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. 20–24 ಸೆಲ್ಲಿಗೆ ಒಂದು ಡಯೋಡ್ ಅಂತ ಲೆಕ್ಕ ಇಟ್ಟಿರುವುದು ಆ ಕಾರಣಕ್ಕೆ.

ಎರಡನೇದು 6ನೇ ಪ್ಯಾನೆಲ್. ಡಯೋಡ್ ಶಾರ್ಟ್ ಆಗಿದ್ದರೆ ಆ 20 ಸೆಲ್‌ಗಳಲ್ಲಿ ಕರೆಂಟ್ ಸುತ್ತುತ್ತಲೇ ಇರುತ್ತದೆ, ದುರ್ಬಲ ಸೆಲ್‌ಗಳು ಹೆಚ್ಚು ಕಾಯುತ್ತವೆ, ಕ್ಯಾಮೆರಾದಲ್ಲಿ ತೇಪೆ ಹಚ್ಚಿದ ಕೌದಿ ಥರ ಕಾಣುತ್ತದೆ. ನಿಮಗೆ ಕಂಡದ್ದು ತೇಪೆಯೋ, ಒಂದೇ ಸಮನಾದ ಬಿಸಿಯೋ?

ಹತ್ತುಹತ್ತು

ಒಂದೇ ಸಮ ಸರ್. ಎರಡು ಸಾಲೂ ನೀಟಾಗಿ ಬಣ್ಣ ಬಳಿದ ಹಾಗಿತ್ತು. ಜಂಕ್ಷನ್ ಬಾಕ್ಸ್ ಇರುವ ಜಾಗ ಇನ್ನೂ ಬಿಸಿ, ಮುಂದಿನಿಂದಲೇ ಚೌಕಾಕಾರ ಕಾಣುತ್ತಿತ್ತು.

ಹಳೇ ಮೀಟರ್

ಹಾಗಾದರೆ ನನಗೆ ಡಯೋಡ್ ಮೇಲೆ ಅನುಮಾನವಿಲ್ಲ. ಆ ಸಾಲು ಎಲ್ಲೋ ಕಡಿದುಹೋಗಿದೆ. ಕಡಿದ ಸಾಲಿನಲ್ಲಿ ಕರೆಂಟೇ ಹರಿಯದ ಕಾರಣ ಬೀಳುವ ಬೆಳಕೆಲ್ಲ ಸಮನಾಗಿ ಶಾಖವಾಗುತ್ತದೆ. ಆದರೆ ಊಹೆ ಮೇಲೆ ಬಾಕ್ಸ್ ತೆಗೆಯಬೇಡಿ. ಎರಡು ಅಳತೆ ಸಾಕು.

ಇನ್ವರ್ಟರ್ ನಿಲ್ಲಿಸಿ, ಡಿಸಿ ಐಸೊಲೇಟರ್ ಆಫ್ ಮಾಡಿ, ಕ್ಲಾಂಪ್ ಮೀಟರ್ ಇಟ್ಟು ಕರೆಂಟ್ ಸೊನ್ನೆ ಆಯಿತಾ ನೋಡಿ. ಅದಾದ ಮೇಲೆಯೇ ಪ್ಲಗ್ ಬಿಡಿಸಬೇಕು. ಕರೆಂಟ್ ಹರಿಯುತ್ತಿರುವಾಗ ಡಿಸಿ ಪ್ಲಗ್ ಎಳೆದರೆ ಕಿಡಿ ಆರುವುದಿಲ್ಲ, ಉದ್ದಕ್ಕೆ ಬೆಂಕಿಯಾಗಿ ನಿಲ್ಲುತ್ತದೆ. ಇದರಲ್ಲಿ ಅನುಭವ ಇಲ್ಲದಿದ್ದರೆ ತಿಳಿದ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

6ನೇ ಪ್ಯಾನೆಲ್ ಒಂದನ್ನೇ ಬೇರ್ಪಡಿಸಿ ಬಿಸಿಲಿನಲ್ಲಿ ಓಪನ್ ವೋಲ್ಟೇಜ್ ನೋಡಿ. ಪಕ್ಕದ ಒಳ್ಳೆಯ ಪ್ಯಾನೆಲ್‌ಗಿಂತ ಮೂರನೇ ಒಂದು ಕಡಿಮೆ ಬರುತ್ತದೆ. ಡಯೋಡ್ ಶಾರ್ಟ್ ಆಗಿದ್ದರೂ ಅಷ್ಟೇ ಬರುತ್ತದೆ, ಸಾಲು ಕಡಿದಿದ್ದರೂ ಅಷ್ಟೇ. ಬಹಳ ಜನ ಇಲ್ಲಿಗೇ ನಿಂತು ಡಯೋಡ್ ಬದಲಿಸಿಬಿಡುತ್ತಾರೆ.

ಎರಡನೇ ಅಳತೆ ಕತ್ತಲಾದ ಮೇಲೆ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಮುಳ್ಳನ್ನು ಪ್ಯಾನೆಲ್‌ನ ಮೈನಸ್‌ಗೆ, ಕಪ್ಪನ್ನು ಪ್ಲಸ್‌ಗೆ ಹಿಡಿಯಿರಿ. ಉಲ್ಟಾ ಅಂತ ಅನುಮಾನ ಬೇಡ, ಸರಿಯೇ. ಆ ದಿಕ್ಕಿನಲ್ಲಿ ಸೆಲ್‌ಗಳು ಕರೆಂಟ್ ಬಿಡುವುದಿಲ್ಲ, ಮೂರು ಬೈಪಾಸ್ ಡಯೋಡ್‌ಗಳು ಸಾಲಾಗಿ ಬಿಡುತ್ತವೆ. ಮೂರೂ ಸರಿಯಿದ್ದರೆ ಅರ್ಧ ವೋಲ್ಟಿನ ಆಸುಪಾಸು ತೋರಿಸಬೇಕು. ಒಂದು ಶಾರ್ಟ್ ಆಗಿದ್ದರೆ ಅದರ ಮೂರನೇ ಎರಡು. ಒಂದು ಓಪನ್ ಆಗಿದ್ದರೆ, ಅಂದರೆ ಒಳಗೇ ಕಡಿದುಹೋಗಿದ್ದರೆ, OL. ಒಳ್ಳೆಯ ಪ್ಯಾನೆಲ್ ಒಂದನ್ನು ಜೊತೆಗೆ ಅಳೆದು ಹೋಲಿಸಿ.

ನೆರಳು ಲೆಕ್ಕ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಹಾಫ್-ಕಟ್ ಪ್ಯಾನೆಲ್, 120 ಅರ್ಧ ಸೆಲ್. ಕಳೆದ ಮಳೆಗಾಲ ಹತ್ತಿರದಲ್ಲೇ ಸಿಡಿಲು ಬಿತ್ತು, ಇನ್ವರ್ಟರ್ ಬೋರ್ಡ್ ಹೋಯ್ತು, ಬದಲಿಸಿದೆವು. ಆಮೇಲೆ ಉತ್ಪಾದನೆ ಮೊದಲಿನಷ್ಟೇ ಇದೆ, ಒಂದು ಯೂನಿಟ್ಟೂ ಕಡಿಮೆಯಿಲ್ಲ. ಸಂಜೆ ಟ್ಯಾಂಕಿನ ನೆರಳು ಬೀಳುವಾಗ ಮಾತ್ರ ಒಂದು ಪ್ಯಾನೆಲ್ ಹತ್ತಿರ ಏನೋ ಸುಟ್ಟ ವಾಸನೆ ಬಂದ ಹಾಗಾಗುತ್ತದೆ. ಮನೆಯವರು ನನ್ನ ಭ್ರಮೆ ಅಂತಾರೆ. ಉತ್ಪಾದನೆ ಪೂರ್ತಿ ಇದ್ದರೆ ಡಯೋಡ್ ಸರಿ ಇದೆ ಅಂತಲೇ ತಾನೇ?

ಸರ್ಕ್ಯೂಟ್ ಮಿತ್ರ

ಹೌದು ಮೇಡಂ, ಡಯೋಡ್ ಹೋಗಿದ್ದರೆ ವೋಲ್ಟೇಜ್ ಇಳಿಯುತ್ತಿತ್ತು.

ಹಳೇ ಮೀಟರ್

ಇಲ್ಲ ಮೇಡಂ, ದಯವಿಟ್ಟು ಇದನ್ನು ತಳ್ಳಿಹಾಕಬೇಡಿ. ಶಾರ್ಟ್ ಆದ ಡಯೋಡ್ ವೋಲ್ಟೇಜ್ ತಿನ್ನುತ್ತದೆ, ಹಾಗಾಗಿ ಗೊತ್ತಾಗುತ್ತದೆ. ಓಪನ್ ಆದ ಡಯೋಡ್ ಏನನ್ನೂ ತಿನ್ನುವುದಿಲ್ಲ. ನೆರಳಿಲ್ಲದ ಹೊತ್ತಿನಲ್ಲಿ ಒಳ್ಳೆಯ ಡಯೋಡೂ ಸುಮ್ಮನೆ ಕೂತಿರುತ್ತದೆ, ಸತ್ತದ್ದೂ ಸುಮ್ಮನೆ ಕೂತಿರುತ್ತದೆ. ಓಪನ್ ವೋಲ್ಟೇಜ್ ಪೂರ್ತಿ, ಯೂನಿಟ್ ಪೂರ್ತಿ. ಈ ಡಯೋಡ್‌ಗಳು ಹೆಚ್ಚಾಗಿ ಶಾಟ್ಕಿ ಜಾತಿಯವು, ಸಿಡಿಲಿನ ಹೊಡೆತಕ್ಕೆ ಬಹಳ ಮೆತ್ತಗೆ.

ನೆರಳು ಬಂದಾಗ ಆಗುವುದನ್ನು ನೋಡಿ. ಪಕ್ಕದ ದಾರಿ ಇಲ್ಲ. ಈಗ ನೆರಳಿನ ಸೆಲ್ಲನ್ನು ಹಿಂದಕ್ಕೆ ತಳ್ಳುವುದು ಅದರ ಸಾಲಿನ ಸೆಲ್‌ಗಳು ಮಾತ್ರವಲ್ಲ, ಇಡೀ ಸ್ಟ್ರಿಂಗ್. ಸೆಲ್ 15–20 ವೋಲ್ಟ್ ಹತ್ತಿರ ಒಡೆದು, ಕರೆಂಟನ್ನು ಉಲ್ಟಾ ದಿಕ್ಕಿನಲ್ಲಿ ಬಿಟ್ಟುಬಿಡುತ್ತದೆ. ಇನ್ವರ್ಟರ್‌ಗೆ ಇದು ಗೊತ್ತಾಗುವುದಿಲ್ಲ. 300 ವೋಲ್ಟಿನಲ್ಲಿ 20 ಕಳೆದುಕೊಂಡು ಪೂರ್ತಿ ಕರೆಂಟ್ ಎಳೆಯುವುದೇ ಅದರ ಲೆಕ್ಕಕ್ಕೆ ಲಾಭ, ಹಾಗಾಗಿ ಅದು ಆ ಸೆಲ್ ಮೂಲಕವೇ ಎಳೆಯುತ್ತದೆ. ಹತ್ತುಹತ್ತು ಅವರ ಪ್ಯಾನೆಲ್ ಲೆಕ್ಕದಲ್ಲಿ ಹೇಳುವುದಾದರೆ 20 ವೋಲ್ಟ್, 8.9 ಆಂಪ್, ಒಂದೇ ಸೆಲ್ಲಿನಲ್ಲಿ 178 ವ್ಯಾಟ್. ಅದೂ ಇಡೀ ಸೆಲ್ಲಿಗೆ ಹರಡಿ ಅಲ್ಲ, ಒಳಗೆ ಎಲ್ಲಿ ದೋಷವಿದೆಯೋ ಆ ಚುಕ್ಕೆಗಳಲ್ಲಿ. ಗಾಜು ಬಿರಿಯುವುದು, ಹಿಂದಿನ ಹಾಳೆ ಉಬ್ಬಿ ಕರಕಲಾಗುವುದು ಹೀಗೆ.

ಹಾಫ್-ಕಟ್‌ನಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಎರಡಕ್ಕೂ ಸೇರಿ ಮೂರೇ ಡಯೋಡ್, ನಡುವಿನ ಮೂರು ಪುಟ್ಟ ಬಾಕ್ಸ್‌ಗಳಲ್ಲಿ ಇರುತ್ತವೆ. ರಾತ್ರಿ ಪರೀಕ್ಷೆ ನಿಮಗೂ ಅದೇ. ಅಲ್ಲಿಯವರೆಗೆ ಆ ಸ್ಟ್ರಿಂಗ್ ಆಫ್ ಮಾಡಿಡಿ.

ಹತ್ತುಹತ್ತು

ಅಳೆದೆ. ಎಲೆಕ್ಟ್ರಿಷಿಯನ್ ಜೊತೆಯಲ್ಲಿದ್ದರು. ಬಿಸಿಲಿನಲ್ಲಿ 5ನೇ ಪ್ಯಾನೆಲ್ 38.1 ವೋಲ್ಟ್, 6ನೇದು 25.3. ರಾತ್ರಿ ಎಂಟೂವರೆಗೆ ಡಯೋಡ್ ಗುರುತಿನಲ್ಲಿ 5ನೇದು 0.57, 6ನೇದು 0.58.

ಸರ್ಕ್ಯೂಟ್ ಮಿತ್ರ

ಅಂದರೆ ಮೂರೂ ಡಯೋಡ್ ಬದುಕಿವೆ. ನನ್ನ ಊಹೆ ತಪ್ಪಾಯ್ತು, ಒಪ್ಪಿದೆ. ಆದರೆ ಡಯೋಡ್ ಸರಿಯಿದ್ದು ಅದರ ಕೆಲಸ ಅದು ಮಾಡುತ್ತಿದೆ ಅಂದಮೇಲೆ ಓಡಿಸಿದರೆ ತೊಂದರೆ ಏನು? ಮೂರು ಪರ್ಸೆಂಟ್ ಬಿಟ್ಟರಾಯಿತು.

ಹಳೇ ಮೀಟರ್

ತೊಂದರೆ ಇರುವುದೇ ಅಲ್ಲಿ. ಎಂದೋ ಒಮ್ಮೆ ನೆರಳು ಬಿದ್ದಾಗ ಸ್ವಲ್ಪ ಹೊತ್ತು ದುಡಿಯುವ ಡಯೋಡ್ ಈಗ ಬೆಳಗಿನಿಂದ ಸಂಜೆವರೆಗೆ, ವರ್ಷವಿಡೀ, 8–9 ಆಂಪ್ ಹೊರುತ್ತಿದೆ. ಅರ್ಧ ವೋಲ್ಟಿಗೆ ಗುಣಿಸಿದರೆ ನಾಲ್ಕು ವ್ಯಾಟ್ ಮೇಲೆ, ಗಾಳಿಯಾಡದ ಪುಟ್ಟ ಡಬ್ಬಿಯಲ್ಲಿ, ಅದಾಗಲೇ ಬಿಸಿಯಾಗಿರುವ ಪ್ಯಾನೆಲ್ ಬೆನ್ನಿಗೆ. ನಿಮಗೆ ಕಂಡ ಆ ಚೌಕ ಅದೇ. ಒಂದು ದಿನ ಅದು ಸಾಯುತ್ತದೆ. ಶಾರ್ಟ್ ಆಗಿ ಸತ್ತರೆ ಅದೃಷ್ಟ. ಓಪನ್ ಆಗಿ ಸತ್ತರೆ, ಕರೆಂಟಿಗೆ ಉಳಿದ ಒಂದೇ ಜಾಗ ಆ ಕಡಿದ ಬೆಸುಗೆಯ ಸಂದು. ಹಿಂದೆ 300 ವೋಲ್ಟ್ ಇದೆ. ಸಂದಿನಲ್ಲಿ ಆರ್ಕ್ ಹತ್ತಿಕೊಳ್ಳುತ್ತದೆ, ಪ್ಲಾಸ್ಟಿಕ್ ಡಬ್ಬಿಯ ಒಳಗೆ, ಸೂರ್ಯ ಇರುವಷ್ಟು ಹೊತ್ತು. ಆರ್ಕ್ ಪತ್ತೆ ಮಾಡುವ ಇನ್ವರ್ಟರ್ ಆದರೆ ನಿಲ್ಲಿಸಬಹುದು, ಎಲ್ಲ ಇನ್ವರ್ಟರ್‌ಗಳಲ್ಲೂ ಅದಿಲ್ಲ.

ಮೂರು ಪರ್ಸೆಂಟ್ ನಷ್ಟ ಅನ್ನುವ ಅಳತೆಗೋಲೇ ಇಲ್ಲಿ ತಪ್ಪು. ಈಗ ನಿಮ್ಮ ಮಹಡಿಯನ್ನು ಕಾಯುತ್ತಿರುವುದು ಒಂದು ಡಯೋಡ್, ಅದಕ್ಕೆ ಬೆಂಬಲವಾಗಿ ಇನ್ನೊಂದಿಲ್ಲ.

ಆ ಪ್ಯಾನೆಲನ್ನು ಸ್ಟ್ರಿಂಗಿನಿಂದ ತೆಗೆದು, 5 ಮತ್ತು 7ನ್ನು ಅದೇ ಜಾತಿಯ ಪ್ಲಗ್ ಇರುವ ಕೇಬಲ್ಲಿನಲ್ಲಿ ಸೇರಿಸಿ. 9 ಪ್ಯಾನೆಲ್‌ನ ವೋಲ್ಟೇಜ್ ಇನ್ವರ್ಟರಿನ ಕನಿಷ್ಠ ಮಿತಿಗಿಂತ ಮೇಲಿದೆಯಾ ಮೊದಲೇ ನೋಡಿಕೊಳ್ಳಿ.

ನೆರಳು ಲೆಕ್ಕ

ನನ್ನದು ಭ್ರಮೆಯಲ್ಲ. ಎಂಟು ಪ್ಯಾನೆಲ್‌ನಲ್ಲಿ ಎರಡು OL ತೋರಿಸಿದವು. ಒಂದು ಟ್ಯಾಂಕಿನ ಪಕ್ಕದ್ದೇ. ಹಿಂದೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದರೆ ಬಿಳಿ ಹಾಳೆಯಲ್ಲಿ ಗೋಲಿ ಗಾತ್ರದ ಎರಡು ಗುಳ್ಳೆ, ನಡುವೆ ಕಾಫಿ ಬಣ್ಣ. ಇಷ್ಟು ದಿನ ಆ ಪ್ಯಾನೆಲ್ ಕೆಳಗೆ ಬಟ್ಟೆ ಒಣಗಿಸುತ್ತಿದ್ದೆ. ಎರಡನ್ನೂ ತೆಗೆಸಿದ್ದೇನೆ. ಪ್ರತಿ ಪ್ಯಾನೆಲ್‌ಗೆ ಆಪ್ಟಿಮೈಸರ್ ಹಾಕಿಸಿಬಿಟ್ಟರೆ ಈ ಕಾಟವೇ ಇರೋಲ್ಲ ಅಂತ ಇಲ್ಲೊಬ್ಬರು ಹೇಳುತ್ತಿದ್ದಾರೆ.

ಸರ್ಕ್ಯೂಟ್ ಮಿತ್ರ

ನಾನೂ ಅದನ್ನೇ ಹೇಳೋನಿದ್ದೆ. ಮೈಕ್ರೋಇನ್ವರ್ಟರ್ ಅಥವಾ ಆಪ್ಟಿಮೈಸರ್ ಇದ್ದರೆ ಪಕ್ಕದ ಪ್ಯಾನೆಲ್‌ಗಳ ಒತ್ತಡವೇ ಇರುವುದಿಲ್ಲ.

ಹಳೇ ಮೀಟರ್

ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ಉದ್ದ ಸ್ಟ್ರಿಂಗಿನಲ್ಲಿ ಒಂದು ಭಾಗ ಬಿಟ್ಟುಕೊಟ್ಟರೆ ನಷ್ಟ 30ರಲ್ಲಿ 1, ಹಾಗಾಗಿ ಸೆಲ್ಲಿನ ಹತ್ತನೇ ಒಂದು ಮುಚ್ಚಿದರೂ ಇನ್ವರ್ಟರ್ ಆ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ, ಸೆಲ್ ದಿನವಿಡೀ ಸುಡುತ್ತದೆ. ಒಂದೇ ಪ್ಯಾನೆಲ್ ನೋಡಿಕೊಳ್ಳುವ ಸಾಧನಕ್ಕೆ ಒಂದು ಭಾಗ ಬಿಟ್ಟರೆ ನಷ್ಟ 3ರಲ್ಲಿ 1. ಅದು ಸಣ್ಣ ಕೊಳೆಗೆ ಭಾಗವನ್ನು ಬಿಡುವ ಬದಲು ಕರೆಂಟನ್ನೇ ಸ್ವಲ್ಪ ಇಳಿಸುತ್ತದೆ, ಸೆಲ್ ತಂಪಾಗಿರುತ್ತದೆ. ಆದರೆ ನೆರಳು ದೊಡ್ಡದಾದರೆ ಅದೂ ಭಾಗ ಬಿಡುತ್ತದೆ. ಡಯೋಡ್ ಸತ್ತಿದ್ದರೆ ಆಗಲೂ ಉಳಿದೆರಡು ಭಾಗ ಸೇರಿ ಆ ಸೆಲ್ಲನ್ನು ತಳ್ಳುತ್ತವೆ. ಜೊತೆಗೆ ಮಹಡಿ ಮೇಲೆ ಪ್ಲಗ್‌ಗಳ ಸಂಖ್ಯೆ ಹೆಚ್ಚುತ್ತದೆ, ಅವೂ ಸುಡುವ ಜಾಗಗಳೇ. ಟ್ಯಾಂಕಿನ ನೆರಳು ತಪ್ಪದಿದ್ದರೆ ನಾನಾದರೆ ಆ ಎರಡು ಪ್ಯಾನೆಲ್‌ಗಳ ಜಾಗವನ್ನೇ ಬದಲಿಸುತ್ತೇನೆ.

ಸರ್ಕ್ಯೂಟ್ ಮಿತ್ರ

ಪ್ಲಗ್ ವಿಷಯ ನೀವು ಸ್ವಲ್ಪ ದೊಡ್ಡದು ಮಾಡುತ್ತಿದ್ದೀರಿ ಅನ್ನಿಸುತ್ತೆ. ಸರಿಯಾಗಿ ಕೂರಿಸಿದ ಪ್ಲಗ್ ಸುಡೋದಿಲ್ಲ.

ಹತ್ತುಹತ್ತು

6ನೇ ಪ್ಯಾನೆಲ್ ಕೆಳಗಿಳಿಸಿದೆವು. ಸ್ಟ್ರಿಂಗ್ ಈಗ 9 ಪ್ಯಾನೆಲ್, 286 ವೋಲ್ಟ್, ಇನ್ವರ್ಟರ್ ಒಪ್ಪಿಕೊಂಡಿದೆ. ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಹೊದಿಸಿ ಬಾಕ್ಸ್ ತೆರೆದೆವು. ನಾಲ್ಕು ತಗಡಿನ ರಿಬ್ಬನ್ ಒಳಗೆ ಬರುತ್ತವೆ. ಪ್ಲಸ್ ಕಡೆಯ ಕೊನೆಯ ರಿಬ್ಬನ್ ಬೆಸುಗೆಯಿಂದ ಪೂರ್ತಿ ಬಿಟ್ಟಿದೆ, ಚಿಮಟಿಗೆಯಿಂದ ಮುಟ್ಟಿದರೆ ಅಲುಗಾಡುತ್ತದೆ. ಬೆಸುಗೆ ಬೂದು ಬಣ್ಣಕ್ಕೆ ತಿರುಗಿ ಹರಳುಹರಳಾಗಿದೆ. ಅದರ ಕೆಳಗಿನ ಪ್ಲಾಸ್ಟಿಕ್ ಬಟಾಣಿ ಕಾಳಿನಷ್ಟು ಕಪ್ಪಾಗಿ ಕರಗಿದೆ. ಆ ಕಡೆಯ ಡಯೋಡಿನ ಮೇಲೆ ಅಕ್ಷರ ಓದಲಾಗದಷ್ಟು ಬಣ್ಣ ಹೋಗಿದೆ. ಫೋಟೊ ಕಳಿಸಿದ ಮೇಲೆ ಹಾಕಿಕೊಟ್ಟವರ ಧ್ವನಿ ಬದಲಾಯಿತು, ವಾರಂಟಿ ಕೇಳಿ ಹೇಳುತ್ತೇವೆ ಅಂದಿದ್ದಾರೆ. ಕಾಗದದಲ್ಲಿ ಉತ್ಪಾದನೆಗೆ ಒಂದು ಅವಧಿ, ತಯಾರಿಕೆ ದೋಷಕ್ಕೆ ಇನ್ನೊಂದು ಅವಧಿ ಇದೆ, ಇದು ಯಾವುದಕ್ಕೆ ಸೇರುತ್ತದೋ ಅಂತ ಎಳೆದಾಟ ನಡೆದಿದೆ. ನಾವೇ ಬೆಸುಗೆ ಹಾಕಿ ಮತ್ತೆ ಬಳಸಬಹುದಾ?

ಬೆಳಕಿನ ಬೇಸಾಯ

ನಾನು ಹಾಕಿದ್ದೇನೆ ಅಣ್ಣ, ಎರಡು ವರ್ಷದಿಂದ ಚೆನ್ನಾಗಿ ನಡೀತಿದೆ. ಮೊದಲು ಪ್ರಶ್ನೆ ತಪ್ಪು ತಿಳಿದಿದ್ದೆ, ಇದು ಮಾತ್ರ ನಾನೇ ಮಾಡಿದ್ದು. ಹೊಸ ಬಾಕ್ಸ್ ಹಾಕಿ, ಸುತ್ತ ಸಿಲಿಕೋನ್ ತುಂಬಿ ಮುಚ್ಚಿದ್ದೆ.

ಹಳೇ ಮೀಟರ್

ಒಂದು ಪ್ಯಾನೆಲ್, 12 ವೋಲ್ಟ್ ಬ್ಯಾಟರಿ ಅಂದರೆ ನಾನು ಬೇಡ ಅನ್ನುವುದಿಲ್ಲ. 300 ವೋಲ್ಟಿನ ಸ್ಟ್ರಿಂಗಿಗೆ ಕರಗಿದ ಬಾಕ್ಸ್ ಇದ್ದ ಪ್ಯಾನೆಲ್ ವಾಪಸ್ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮುಚ್ಚಿಗೆಯೊಳಗೆ ನೀರು ಇಳಿದರೆ ಮಳೆಗಾಲದಲ್ಲಿ ಫ್ರೇಮಿಗೇ ಕರೆಂಟ್ ಸೋರುತ್ತದೆ. ಬಾಕ್ಸ್ ಒಡೆದರೆ ವಾರಂಟಿಯೂ ಹೋಗುತ್ತದೆ, ಈಗಿರುವ ಹಾಗೇ ಇಟ್ಟಿರಿ.

ನೆರಳು ಲೆಕ್ಕ

ಒಂದು ಪ್ರಶ್ನೆ ಸರ್. ಪ್ಲಸ್ ಕಡೆಯ ಕೊನೆಯ ರಿಬ್ಬನ್ ಬಿಟ್ಟಿದ್ದಕ್ಕೆ ವೋಲ್ಟೇಜ್ ಇಳಿದು ಗೊತ್ತಾಯಿತು. ನಡುವಿನ ಎರಡು ರಿಬ್ಬನ್‌ಗಳಲ್ಲಿ ಒಂದು ಬಿಟ್ಟಿದ್ದರೆ?

ಹಳೇ ಮೀಟರ್

ಬಹಳ ಒಳ್ಳೆಯ ಪ್ರಶ್ನೆ ಮೇಡಂ. ಆಗ ಸೆಲ್‌ಗಳ ಸಾಲು ಒಳಗೇ ಜೋಡಿಯಾಗಿರುವುದರಿಂದ ಹಗಲಿನ ವೋಲ್ಟೇಜ್ ಪೂರ್ತಿ ಬರುತ್ತದೆ. ಡಯೋಡ್‌ಗಳ ಸಾಲೂ ಕಡಿದಿಲ್ಲ, ರಾತ್ರಿಯ ಅಳತೆಯೂ ಸರಿ ಬರುತ್ತದೆ. ಆದರೆ ಎರಡು ಭಾಗ ಸೇರಿ ಒಂದೇ ಭಾಗದ ಹಾಗೆ ಆಗಿರುತ್ತವೆ. ನೆರಳಿನ ಸೆಲ್ ಮೇಲೆ 19ರ ಬದಲು 39 ಸೆಲ್‌ಗಳ ಒತ್ತಡ, 22 ವೋಲ್ಟ್ ಮೇಲೆ. ಹಿಡಿಯುವ ದಾರಿ ರಟ್ಟು: ಇನ್ವರ್ಟರ್ ಓಡುತ್ತಿರುವಾಗ ಒಂದೇ ಒಂದು ಸೆಲ್ಲನ್ನು ಪೂರ್ತಿ ಮುಚ್ಚಿ, ಒಂದು ನಿಮಿಷದೊಳಗೆ ಸ್ಟ್ರಿಂಗ್ ವೋಲ್ಟೇಜ್ ನೋಡಿ ತೆಗೆದುಬಿಡಿ. 11 ಇಳಿದರೆ ಸರಿ. 22ರ ಆಸುಪಾಸು ಇಳಿದರೆ ನಡುವಿನ ರಿಬ್ಬನ್ ಮೇಲೆ ಅನುಮಾನ. ಒಂದು ಭಾಗಕ್ಕೆ ಒಂದು ಸಲ, ಪ್ಯಾನೆಲ್‌ಗೆ ಮೂರು ಸಲ. ಡಯೋಡ್ ಸತ್ತಿದೆ ಅಂತ ಮೊದಲೇ ಅನುಮಾನ ಇರುವ ಪ್ಯಾನೆಲ್ ಮೇಲೆ ಇದನ್ನು ಮಾಡಬೇಡಿ.

ಹತ್ತುಹತ್ತು

ಇವತ್ತು 3ನೇ ಪ್ಯಾನೆಲ್‌ನಿಂದ ಶುರು ಮಾಡಿದೆ, ಹಿಕ್ಕೆ ಬಿದ್ದಿದ್ದು ಅದರ ಮೇಲೇ ಅಲ್ಲವೇ. ಮೊದಲ ಭಾಗ 286ರಿಂದ 275. ಎರಡನೇದು 275. ಮೂರನೇದು, ಆ ಕಂದು ಸೆಲ್ ಇರುವ ಸಾಲು, ಅದೂ 275. ಡಯೋಡ್‌ಗಳು ಸರಿ ಇವೆ. ಕಂದು ಸೆಲ್ ಮಾತ್ರ ಕ್ಯಾಮೆರಾದಲ್ಲಿ ಇನ್ನೂ ಪಕ್ಕದ್ದಕ್ಕಿಂತ 6 ಡಿಗ್ರಿ ಮೇಲಿದೆ, ಅದರ ಮೇಲೆ ಈಗ ಏನೂ ಕೊಳೆ ಇಲ್ಲ. ತಿಂಗಳಿಗೊಮ್ಮೆ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ. ಉಳಿದ ಪ್ಯಾನೆಲ್‌ಗಳ ಸರದಿ ನಾಳೆ.